ಮಗು ಪದೇ ಪದೇ ಶಾಲೆಗೆ ಬರ್ತಿಲ್ಲ: ಮನೆಯವರಿಗೆ ಯಾವ ರೀತಿಯ ಇಮೇಲ್ ಬರೆಯೋದು?

ಮನೆಯವರಿಗೆ ಬರೆಯೋಣ ಅಂತ ಕೂತಿದ್ದೀರಿ. ಮೊದಲ ಸಾಲು ಬರೆದು ಅಳಿಸಿದ್ದೀರಿ, ಮತ್ತೆ ಬರೆದಿದ್ದೀರಿ. ಮೆತ್ತಗೆ ಬರೆದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲ್ಲ ಅನ್ನೋ ಅನುಮಾನ. ಗಟ್ಟಿಯಾಗಿ ಬರೆದರೆ ಮುನಿಸಿಕೊಳ್ಳುತ್ತಾರೆ ಅನ್ನೋ ಭಯ. ಕ್ಲಾಸ್ ಟೀಚರ್ ಆದವರೆಲ್ಲ ಈ ಇಕ್ಕಟ್ಟು ನೋಡಿರುತ್ತಾರೆ.

ನಮ್ಮ ಮುಂದೆ ಇರೋದು ಹೆಚ್ಚುಕಮ್ಮಿ ನಾಲ್ಕು ದಾರಿ. ಬರೀ ಹಾಜರಿಯ ಲೆಕ್ಕ ಕೊಡುವ ಪತ್ರ. ಲೆಕ್ಕ ಕೊಟ್ಟು ಒಂದು ಪ್ರಶ್ನೆ ಕೇಳುವ ಪತ್ರ. ಶಾಲೆಗೆ ಬನ್ನಿ, ಕೂತು ಮಾತಾಡೋಣ ಅನ್ನುವ ಪತ್ರ. ಮೊದಲು ಫೋನ್ ಮಾಡಿ, ಆಡಿದ ಮಾತನ್ನು ಆಮೇಲೆ ಬರೆದು ಕಳಿಸುವ ಪತ್ರ. ನಾಲ್ಕನ್ನೂ ನಾನು ಬಳಸಿದ್ದೇನೆ. ನಾಲ್ಕರಲ್ಲೂ ಎಡವಿದ್ದೇನೆ.

ಯಾವುದರಿಂದ ಅಳೆಯೋದು

ಎಷ್ಟು ದಿನ ತಪ್ಪಿದೆ ಅನ್ನೋದರ ಮೇಲೆ ಪತ್ರ ಆರಿಸುವುದು ನಮಗೆ ರೂಢಿ. 3 ದಿನಕ್ಕೆ ಒಂದು ನೆನಪೋಲೆ, 10 ದಿನಕ್ಕೆ ಎಚ್ಚರಿಕೆ, ಹೀಗೆ. ನನ್ನ ಪ್ರಕಾರ ಇದು ತಪ್ಪು ಅಳತೆಗೋಲು. ಸಂಖ್ಯೆ ನಮಗೆ ಗೊತ್ತಿರುವ ಸಂಗತಿ. ಪತ್ರ ಆರಿಸಬೇಕಾದ್ದು ನಮಗೆ ಗೊತ್ತಿಲ್ಲದ ಸಂಗತಿ ನೋಡಿ.

ಮೊದಲನೆಯದು, ಮಗು ಶಾಲೆಗೆ ಬಂದಿಲ್ಲ ಅನ್ನೋದು ಮನೆಯವರಿಗೆ ಗೊತ್ತಾ? ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹೊಟ್ಟೆನೋವು ಅಂತ ಮನೆಯಲ್ಲೇ ಮಲಗಿರುವ ಮಗು ಬೇರೆ. ಬ್ಯಾಗ್ ಹಾಕಿಕೊಂಡು ಹೊರಟು ಶಾಲೆಗೆ ಬಾರದ ಮಗು ಬೇರೆ. ಹಾಜರಿ ಪುಸ್ತಕದಲ್ಲಿ ಎರಡೂ ಒಂದೇ ಗುರುತು. ಎರಡನೆಯ ಮಗುವಿನ ಮನೆಗೆ ಸುಮ್ನೆ ಒಂದು ಲೆಕ್ಕದ ಪತ್ರ ಹೋದರೆ ಆ ಸಂಜೆ ಅಲ್ಲಿ ಏನಾಗುತ್ತದೆ ಅಂತ ಯೋಚಿಸಿ.

ಎರಡನೆಯದು, ಕಾರಣ ಹೇಳಿಕೊಳ್ಳುವಂಥದ್ದಾ? ಜ್ವರ ಅಂತ ಯಾರಾದರೂ ಬರೆಯುತ್ತಾರೆ. ಕೆಲಸ ಹೋಯಿತು, ಗಂಡ ಹೆಂಡತಿ ಬೇರೆಯಾಗುತ್ತಿದ್ದೇವೆ, ಚಿಕ್ಕ ಮಗುವನ್ನು ನೋಡಿಕೊಳ್ಳೋಕೆ ದೊಡ್ಡವಳನ್ನು ನಿಲ್ಲಿಸಿಕೊಂಡಿದ್ದೇವೆ ಅಂತ ಇಮೇಲ್‌ನಲ್ಲಿ ಯಾರೂ ಬರೆಯಲ್ಲ. 

ಮೂರನೆಯದು, ಈ ಪತ್ರವನ್ನು ಬೇರೆ ಯಾರು ಓದಬಹುದು? ಅಪ್ಪನ ಫೋನ್ ಮಗಳ ಕೈಯಲ್ಲಿರುತ್ತದೆ. ಬೇರೆ ಬೇರೆ ಇರುವ ತಂದೆತಾಯಿ ಇಬ್ಬರಿಗೂ ಪತ್ರ ಹೋಗಬಹುದು. ಬರೆದ ಮಾತು ಉಳಿಯುತ್ತದೆ, ಇನ್ನೊಬ್ಬರಿಗೆ ಹೋಗುತ್ತದೆ. 

ಕೊನೆಯದು ನಿಮ್ಮ ಸಮಯ. 40 ಮಕ್ಕಳ ತರಗತಿ ಇಟ್ಟುಕೊಂಡು ಪ್ರತಿಯೊಬ್ಬರಿಗೂ ಅರ್ಧ ಗಂಟೆಯ ಪತ್ರ ಬರೆಯೋಕಾಗಲ್ಲ. ಅದನ್ನು ಒಪ್ಪಿಕೊಂಡೇ ಆರಿಸೋಣ.

ಬರೀ ಲೆಕ್ಕದ ಪತ್ರ

ಐದು ನಿಮಿಷದ ಕೆಲಸ. "ಈ ಅವಧಿಯ 40 ದಿನಗಳಲ್ಲಿ ನಿಮ್ಮ ಮಗ 6 ದಿನ ಶಾಲೆಗೆ ಬಂದಿಲ್ಲ. ದಿನಾಂಕಗಳು ಕೆಳಗಿವೆ. ಲೆಕ್ಕದಲ್ಲಿ ತಪ್ಪು ಕಂಡರೆ ತಿಳಿಸಿ." ಇಷ್ಟೇ.

ಇದನ್ನು ಒಣ ಪತ್ರ ಅಂತ ಕೀಳಾಗಿ ನೋಡಬೇಡಿ. ತಂದೆತಾಯಿಗೆ ತಮ್ಮ ಮಗು ಒಟ್ಟು ಎಷ್ಟು ದಿನ ತಪ್ಪಿಸಿದೆ ಅನ್ನೋದು ಸರಿಯಾಗಿ ಗೊತ್ತಿರಲ್ಲ. ಅಲ್ಲೊಂದು ಇಲ್ಲೊಂದು ದಿನ ಮನಸ್ಸಿನಲ್ಲಿ ಒಟ್ಟುಗೂಡಲ್ಲ. ಟಾಡ್ ರೋಜರ್ಸ್ ಮತ್ತು ಆವಿ ಫೆಲ್ಲರ್ ಅನ್ನುವ ಸಂಶೋಧಕರು ಅಮೆರಿಕದ ಫಿಲಡೆಲ್ಫಿಯಾದಲ್ಲಿ 28,000ಕ್ಕೂ ಹೆಚ್ಚು ಮನೆಗಳನ್ನು ಗುಂಪು ಮಾಡಿ, ಒಂದು ಗುಂಪನ್ನು ಬಿಟ್ಟು ಉಳಿದವಕ್ಕೆ ಅಂಚೆಯಲ್ಲಿ ಪತ್ರ ಕಳಿಸಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಒಟ್ಟು ಎಷ್ಟು ದಿನ ತಪ್ಪಿದೆ ಅಂತ ತಿಳಿಸಿದ ಪತ್ರದಿಂದ, ಅತಿಯಾಗಿ ಗೈರಾಗುವ ಮಕ್ಕಳ ಸಂಖ್ಯೆ ಶೇಕಡ 10ರಷ್ಟು ಇಳಿಯಿತು. ತರಗತಿಯ ಉಳಿದ ಮಕ್ಕಳ ಜೊತೆ ಹೋಲಿಕೆಯನ್ನೂ ಸೇರಿಸಿದ ಪತ್ರ ಅದಕ್ಕಿಂತ ಹೆಚ್ಚೇನೂ ಸಾಧಿಸಲಿಲ್ಲ. ಹಾಗಾಗಿ "ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಹಾಜರಿ ನಿಮ್ಮ ಮಗನದೇ" ಅನ್ನೋ ಸಾಲು ಬೇಡ. ಅದು ಚುಚ್ಚುತ್ತದೆ, ಕೆಲಸವನ್ನೂ ಮಾಡಲ್ಲ.

ಈ ಪತ್ರ ಹೊಂದುವುದು ಗೈರು ಚದುರಿದಂತಿದ್ದಾಗ, ಮನೆಯವರು ರಜೆಚೀಟಿ ಕಳಿಸುತ್ತಿದ್ದಾಗ, ಅಂದರೆ ಅವರಿಗೆ ವಿಷಯ ಗೊತ್ತಿದೆ ಅನ್ನೋದು ಖಾತ್ರಿ ಇದ್ದಾಗ. ಕಾರಣ ಆಳವಾಗಿದ್ದರೆ ಇದು ಸಾಲದು. "ಸರಿ ಟೀಚರ್, ಇನ್ಮೇಲೆ ಕಳಿಸ್ತೀವಿ" ಅಂತ ಉತ್ತರ ಬರುತ್ತದೆ. ಮುಂದಿನ ವಾರ ಬೆಂಚು ಮತ್ತೆ ಖಾಲಿ.

ಲೆಕ್ಕದ ಪತ್ರದಲ್ಲಿ ಕೆಡುವುದು ಲೆಕ್ಕವೇ. ಒಮ್ಮೆ ನಾನು "ಕಾರಣವಿಲ್ಲದೆ 11 ದಿನ" ಅಂತ ಬರೆದು ಕಳಿಸಿದ್ದೆ. ತಾಯಿಯಿಂದ ಒಂದೇ ಸಾಲಿನ ಉತ್ತರ: "ಅದರಲ್ಲಿ 2 ದಿನ ಅವನು ನಿಮ್ಮ ಶಾಲೆಯ ತಂಡದ ಜೊತೆಗೇ ಪಂದ್ಯಕ್ಕೆ ಹೋಗಿದ್ದ." ಪುಸ್ತಕದಲ್ಲಿ ಆ ಎರಡು ದಿನವನ್ನು ಯಾರೂ ತಿದ್ದಿರಲಿಲ್ಲ. ಉಳಿದ 9 ದಿನದ ಮಾತು ಅಲ್ಲಿಗೇ ನಿಂತಿತು. ಮುಂದಿನ ಮೂರು ಪತ್ರಗಳು ಆ 2 ದಿನದ ಮೇಲೇ ನಡೆದವು. ಈಗ ಬರೆಯುವ ಮೊದಲು ಆಟ, ಸ್ಪರ್ಧೆ, ತಡವಾಗಿ ಬಂದ ದಿನ, ಅರ್ಧ ದಿನ ಎಲ್ಲವನ್ನೂ ಒಮ್ಮೆ ತಾಳೆ ನೋಡುತ್ತೇನೆ. "ಕಾರಣವಿಲ್ಲದೆ" ಅನ್ನೋ ಪದವನ್ನೂ ಬಿಟ್ಟಿದ್ದೇನೆ. ಕಾರಣ ಇದ್ದೇ ಇರುತ್ತದೆ, ನಮಗೆ ಗೊತ್ತಿರಲ್ಲ ಅಷ್ಟೇ.

ಲೆಕ್ಕ ಮತ್ತು ಒಂದು ಪ್ರಶ್ನೆ

ನಾನು ಜಾಸ್ತಿ ಬಳಸುವುದು ಇದನ್ನೇ. ಬರೆಯೋಕೆ 20 ನಿಮಿಷ ಬೇಕು. ಅದರಲ್ಲಿ 15 ನಿಮಿಷ ಹಾಜರಿ ಪುಸ್ತಕದ ಮುಂದೆ ಹೋಗುತ್ತದೆ.

ಒಂದು ಉದಾಹರಣೆ ಪೂರ್ತಿ ನೋಡೋಣ. 7ನೇ ತರಗತಿಯ ಹುಡುಗಿ. ವಾರಕ್ಕೆ 5 ದಿನದಂತೆ 8 ವಾರ, ಒಟ್ಟು 40 ದಿನ. ಅದರಲ್ಲಿ 8 ದಿನ ಬಂದಿಲ್ಲ. ಐದರಲ್ಲಿ ಒಂದು ದಿನ ಅಂದ ಹಾಗಾಯಿತು. ಹಲವು ಕಡೆ ಶೇಕಡ 10 ದಾಟಿದರೇ ಗಮನ ಕೊಡಬೇಕಾದ ಗೈರು ಅಂತ ಎಣಿಸುತ್ತಾರೆ, ಇದು ಅದರ ಎರಡರಷ್ಟು. ಆದರೆ ದಿನಾಂಕಗಳನ್ನು ವಾರದ ಪ್ರಕಾರ ಸಾಲಾಗಿ ಬರೆದುಕೊಂಡಾಗ ಬೇರೆಯೇ ಕಾಣಿಸಿತು. ಒಂದು ಬುಧವಾರ, ಅದರ ಮರುದಿನ ಗುರುವಾರ, ಇವೆರಡಕ್ಕೂ ಜ್ವರದ ಚೀಟಿ ಇದೆ. ಒಂದು ಶುಕ್ರವಾರ. ಉಳಿದ 5 ದಿನವೂ ಮಂಗಳವಾರ. ಇದ್ದ 8 ಮಂಗಳವಾರಗಳಲ್ಲಿ 5 ದಿನ ಅವಳಿಲ್ಲ.

ಇಲ್ಲಿ ಎರಡು ಕಡೆ ಜಾರಬಹುದು. "8 ದಿನ" ಅಂತ ಮಾತ್ರ ಬರೆದರೆ ಜ್ವರದ 2 ದಿನಕ್ಕೆ ಮನೆಯವರು ಸಮಜಾಯಿಷಿ ಕೊಡುತ್ತಾರೆ, ಮಂಗಳವಾರ ಹಾಗೇ ಉಳಿಯುತ್ತದೆ. "ಮಂಗಳವಾರ ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದಾಳೆ" ಅಂತ ಬರೆದರೆ ನಮಗೆ ಗೊತ್ತಿಲ್ಲದ್ದನ್ನು ಗೊತ್ತು ಅಂದಂತೆ. ಮಂಗಳವಾರ ಅಮ್ಮನಿಗೆ ಬೆಳಗಿನ ಪಾಳಿ ಇರಬಹುದು. ಅಜ್ಜಿಯ ಆಸ್ಪತ್ರೆ ದಿನ ಇರಬಹುದು. ಆ ದಿನದ ಮೊದಲ ಅವಧಿಯಲ್ಲೇ ಏನೋ ಇರಬಹುದು. ಕಂಡದ್ದನ್ನು ಹೇಳಿ, ಅರ್ಥವನ್ನು ಅವರಿಗೆ ಬಿಡಿ.

ಪ್ರಶ್ನೆಯ ರೂಪವೂ ಮುಖ್ಯ. "ಯಾಕೆ ಕಳಿಸುತ್ತಿಲ್ಲ?" ಅನ್ನೋದು ಕಟಕಟೆಯ ಪ್ರಶ್ನೆ, ಅದು ಎಲ್ಲರಿಗೂ ಗೊತ್ತು. "ಏನಾದರೂ ತೊಂದರೆ ಇದೆಯಾ?" ಅನ್ನೋದು ಮೃದುವಾಗಿ ಕೇಳುತ್ತದೆ, ಆದರೆ ಅದಕ್ಕೆ ನಾಲಿಗೆ ತುದಿಯಲ್ಲೇ ಉತ್ತರ ಸಿದ್ಧ: "ಏನೂ ಇಲ್ಲ ಟೀಚರ್." ನಾವು ಯಾರೂ ತೊಂದರೆ ಇದೆ ಅಂತ ಸುಲಭಕ್ಕೆ ಒಪ್ಪಿಕೊಳ್ಳಲ್ಲ, ಅಲ್ವಾ? ಅದರ ಬದಲು ನಡೆಯುವ ಸಂಗತಿಯನ್ನೇ ಕೇಳಿ. "ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಹೇಗಿರುತ್ತದೆ?" ಇದಕ್ಕೆ ಹೌದು, ಇಲ್ಲ ಅಂತ ಉತ್ತರ ಕೊಡೋಕಾಗಲ್ಲ. ತಪ್ಪು ಒಪ್ಪಿಕೊಳ್ಳುವ ಅಗತ್ಯವೂ ಬೀಳಲ್ಲ.

ಶಾಲೆಗೆ ಹೋಗಲ್ಲ ಅನ್ನುವ ಮಕ್ಕಳ ಬಗ್ಗೆ ಕ್ರಿಸ್ಟೋಫರ್ ಕಿಯರ್ನಿ ಅನ್ನುವ ಮನಶ್ಶಾಸ್ತ್ರಜ್ಞ ಬಹಳ ಕೆಲಸ ಮಾಡಿದ್ದಾರೆ. ಅವರು ಕಾರಣಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಶಾಲೆಯಲ್ಲಿ ಮನಸ್ಸು ಕದಡುವ ಯಾವುದೋ ಸಂಗತಿಯಿಂದ ದೂರ ಉಳಿಯುವುದು. ಎಲ್ಲರ ಮುಂದೆ ಮಾತಾಡುವ, ಪರೀಕ್ಷೆ ಎದುರಿಸುವ ಪ್ರಸಂಗದಿಂದ ಪಾರಾಗುವುದು. ಮನೆಯವರ ಹತ್ತಿರವೇ ಇರಬೇಕು ಅನಿಸುವುದು. ಹೊರಗೆ ಶಾಲೆಗಿಂತ ಖುಷಿ ಕೊಡುವಂಥದ್ದು ಸಿಗುವುದು. ಪತ್ರದಲ್ಲಿ ಇದನ್ನೆಲ್ಲ ಬರೆಯಬೇಡಿ. ತಲೆಯಲ್ಲಿಟ್ಟುಕೊಂಡರೆ ಸಾಕು, ಬರುವ ಉತ್ತರ ಯಾವ ಕಡೆ ಬೆರಳು ತೋರಿಸುತ್ತಿದೆ ಅಂತ ತಿಳಿಯೋಕೆ ಅನುಕೂಲ.

ಆ ಹುಡುಗಿಯ ಮನೆಗೆ ಹೋಗುವ ಪತ್ರ ಹೀಗಿರಬಹುದು. ವಿಷಯದ ಸಾಲು: "ಮಂಗಳವಾರದ ತರಗತಿಗಳ ಬಗ್ಗೆ".

> ನಮಸ್ಕಾರ,
>
> ನಾನು ನಿಮ್ಮ ಮಗಳ ಕ್ಲಾಸ್ ಟೀಚರ್. ಅವಳು ಬಂದ ದಿನ ತರಗತಿಯಲ್ಲಿ ಚೆನ್ನಾಗಿ ತೊಡಗಿಕೊಳ್ಳುತ್ತಾಳೆ. ಕಳೆದ ವಾರ ನಕ್ಷೆ ಬಿಡಿಸುವಾಗ ಪಕ್ಕದವಳಿಗೂ ಹೇಳಿಕೊಟ್ಟಳು.
>
> ಕಳೆದ 8 ವಾರಗಳಲ್ಲಿ ಅವಳು 8 ದಿನ ಬಂದಿಲ್ಲ. ಅದರಲ್ಲಿ 2 ದಿನಕ್ಕೆ ನೀವು ಜ್ವರದ ಚೀಟಿ ಕಳಿಸಿದ್ದೀರಿ. ಉಳಿದವುಗಳಲ್ಲಿ 5 ದಿನ ಮಂಗಳವಾರವೇ ಆಗಿವೆ. ದಿನಾಂಕಗಳನ್ನು ಕೆಳಗೆ ಕೊಟ್ಟಿದ್ದೇನೆ, ನಮ್ಮ ಕಡೆ ತಪ್ಪಿದ್ದರೆ ಹೇಳಿ, ತಿದ್ದುತ್ತೇನೆ.
>
> ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಹೇಗಿರುತ್ತದೆ? ಹೊರಡೋಕೆ ಕಷ್ಟ ಆಗುತ್ತಾ, ಅಥವಾ ಶಾಲೆಯಲ್ಲೇ ಏನಾದರೂ ಅವಳಿಗೆ ಭಾರ ಅನಿಸುತ್ತಿದೆಯಾ? ಒಂದು ಸಾಲು ಬರೆದರೂ ಸಾಕು. ಬರೆಯುವುದಕ್ಕಿಂತ ಮಾತಾಡುವುದು ಸುಲಭ ಅನಿಸಿದರೆ ಸಂಜೆ 4ರಿಂದ 5ರವರೆಗೆ ನನಗೆ ಫೋನ್ ಮಾಡಿ.

ಫೋನಿನ ಪರದೆಯಲ್ಲಿ ಒಂದೆರಡು ಸಲ ಬೆರಳಾಡಿಸಿದರೆ ಮುಗಿಯುತ್ತದೆ. ಅದಕ್ಕಿಂತ ಉದ್ದ ಬೇಡ. ನಕ್ಷೆಯ ಸಾಲು ನೋಡಿ. "ನಿಮ್ಮ ಮಗಳು ಒಳ್ಳೆಯ ಹುಡುಗಿ" ಅಂತ ಬರೆದರೆ ಅದು ಕಹಿ ಮಾತ್ರೆಗೆ ಹಚ್ಚಿದ ಬೆಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನಿಜವಾಗಿ ಕಂಡ ಒಂದು ಸಣ್ಣ ಸಂಗತಿ ಬರೆದರೆ, ಈ ಟೀಚರ್ ಮಗುವನ್ನು ನೋಡಿದ್ದಾರೆ ಅಂತ ತಿಳಿಯುತ್ತದೆ. ಅಂಥದ್ದೊಂದೂ ನೆನಪಿಗೆ ಬರದಿದ್ದರೆ ಆ ಸಾಲೇ ಬೇಡ.

ಕೊನೆಯ ಸಾಲಿನ ಫೋನ್ ಬಾಗಿಲು ಹೇಳಿಕೊಳ್ಳಲಾಗದ ಕಾರಣಗಳಿಗಾಗಿ. ಇದನ್ನು ಬಿಟ್ಟರೆ ಈ ಪತ್ರದ ಅರ್ಧ ಬಲ ಹೋಯಿತು.

ಇದರ ಮಿತಿ ಏನಂದರೆ, ಮನೆಯವರಿಗೆ ಮಗು ಮನೆಯಲ್ಲಿದ್ದದ್ದು ಗೊತ್ತಿದೆ ಅಂತ ನಾವು ಮೊದಲೇ ನಂಬಿಕೊಂಡು ಬರೆದಿರುತ್ತೇವೆ. ಆ ನಂಬಿಕೆಗೆ ಆಧಾರ ಇಲ್ಲದಿದ್ದರೆ ನೇರ ಫೋನಿಗೆ ಹೋಗಿ.

ಭೇಟಿಗೆ ಕರೆಯುವ ಪತ್ರ

ಬಹಳ ಕಡೆ ಮೊದಲ ಪತ್ರವೇ ಇದಾಗಿರುತ್ತದೆ. ನನಗೆ ಅದು ಅಷ್ಟು ಹಿಡಿಸಲ್ಲ. "ಶಾಲೆಗೆ ಬಂದು ಭೇಟಿಯಾಗಿ" ಅಂದ ಕೂಡಲೇ ಅದು ಕರೆಸಿಕೊಂಡ ಹಾಗೆ ಕೇಳುತ್ತದೆ. ದಿನಗೂಲಿಯವರಿಗೆ, ಪಾಳಿಯಲ್ಲಿ ದುಡಿಯುವವರಿಗೆ ಒಂದು ಭೇಟಿ ಅಂದರೆ ಅರ್ಧ ದಿನದ ದುಡಿಮೆ. ಬಾರದಿದ್ದರೆ ಮಗುವಿನ ಮೇಲೆ ಕಾಳಜಿ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಅವರು ನಾಚಿಕೆಯಿಂದ ಇನ್ನೂ ದೂರ ಹೋಗುತ್ತಾರೆ.

ಇದು ನಿಜಕ್ಕೂ ಬೇಕಾಗುವುದು ಎರಡನೆಯ ಹಂತದಲ್ಲಿ. ಕಾರಣ ಸ್ವಲ್ಪ ತಿಳಿದಿದೆ, ಈಗ ಏನು ಮಾಡೋಣ ಅಂತ ಕೂತು ಗೊತ್ತುಮಾಡಬೇಕು. ವಾರಗಟ್ಟಲೆ ಬಾರದ ಮಗು ಮರಳಿ ಬರುವಾಗಲೂ ಅಷ್ಟೇ. ಮೊದಲ ದಿನ ಎಷ್ಟು ಹೊತ್ತು, ಯಾರ ಜೊತೆ ಕೂರುವುದು, ಬಿಟ್ಟುಹೋದ ಪಾಠದಲ್ಲಿ ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು ಅನ್ನೋದೆಲ್ಲ ಇಮೇಲ್‌ನಲ್ಲಿ ಬಗೆಹರಿಯಲ್ಲ.

ಬರೆಯುವಾಗ ಭೇಟಿ ಎಷ್ಟು ಹೊತ್ತು, ಯಾರ್ಯಾರು ಇರುತ್ತಾರೆ, ಯಾವ ವಿಷಯ ಅನ್ನೋದನ್ನು ಮೊದಲೇ ಹೇಳಿ. ಹೋಗಿ ನೋಡಿದರೆ ಮೇಜಿನ ಆಚೆ ಐದು ಜನ ಕೂತಿದ್ದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಎರಡು ಮೂರು ಸಮಯ ಕೊಡಿ, ಒಂದು ಶಾಲೆಯ ಹೊತ್ತಿನ ಆಚೆ ಇರಲಿ, ಫೋನಿನಲ್ಲೂ ಆಗುತ್ತದೆ ಅಂತ ಸೇರಿಸಿ. ಮುಖ್ಯಶಿಕ್ಷಕರಿಗೆ ಪ್ರತಿ ಹಾಕುವ ಅಭ್ಯಾಸ ಇದ್ದರೆ ಈ ಹಂತದವರೆಗೆ ತಡೆಹಿಡಿಯಿರಿ. ಪ್ರತಿಯಲ್ಲಿ ಮೇಲಿನವರ ಹೆಸರು ಕಂಡರೆ ಎಷ್ಟೇ ಬೆಣ್ಣೆಯಂಥ ಪತ್ರವೂ ದೂರಿನಂತೆ ಕೇಳುತ್ತದೆ. ಶಾಲೆಯ ನಿಯಮವೇ ಹಾಗಿದ್ದರೆ ಪತ್ರದಲ್ಲೇ ಒಂದು ಸಾಲು ಹೇಳಿಬಿಡಿ: ಇದು ರೂಢಿ, ಇದರಲ್ಲಿ ಬೇರೆ ಅರ್ಥ ಇಲ್ಲ.

ಮೊದಲು ಫೋನ್, ಆಮೇಲೆ ಪತ್ರ

ಸಮಯದ ಮಟ್ಟಿಗೆ ಇದು ದುಬಾರಿ. ಫೋನ್ ಎತ್ತಲ್ಲ, ಮತ್ತೆ ಮಾಡಬೇಕು. ಎತ್ತಿದರೆ ಮಾತು 5 ನಿಮಿಷಕ್ಕೂ ಮುಗಿಯಬಹುದು, 40ಕ್ಕೂ ಹೋಗಬಹುದು. ಆದರೆ ಕೆಲವು ಸಂದರ್ಭದಲ್ಲಿ ಬೇರೆ ದಾರಿ ಇಲ್ಲ.

ಮನೆಯವರಿಗೆ ವಿಷಯ ಗೊತ್ತಾ ಅನ್ನೋದು ನಿಮಗೆ ಗೊತ್ತಿಲ್ಲದಿದ್ದರೆ ಫೋನೇ ಮಾಡಬೇಕು. ಆಗಲೂ "ಅವನು ಶಾಲೆಗೆ ಬರ್ತಾನೇ ಇಲ್ಲ" ಅಂತ ಶುರು ಮಾಡಬೇಡಿ. "ಇವತ್ತು ಅವನು ತರಗತಿಯಲ್ಲಿ ಕಾಣಲಿಲ್ಲ, ಹುಷಾರಾಗಿದ್ದಾನಾ ಅಂತ ಕೇಳೋಣ ಅಂತ ಫೋನ್ ಮಾಡಿದೆ" ಅನ್ನಿ. ಆ ಕಡೆಯ ಮೌನವೇ ಉತ್ತರ ಹೇಳುತ್ತದೆ. ಅಪ್ಪ "ಅವನು ಶಾಲೆಗೆ ಹೋಗಿದ್ದಾನಲ್ಲ?" ಅಂದರೆ ಮೊದಲ ಕೆಲಸ ಮಗು ಈಗ ಎಲ್ಲಿದೆ ಅಂತ ನೋಡುವುದು. ಲೆಕ್ಕ ಆಮೇಲೆ. ದನಿಯಲ್ಲಿ ಸಿಟ್ಟು ಏರುತ್ತಿದ್ದರೆ ಅಲ್ಲೇ ತಿಳಿಯುತ್ತದೆ, "ಸಂಜೆ ಬೈಯೋದಕ್ಕೆ ಮೊದಲು ನಾನೂ ಅವನ ಜೊತೆ ಮಾತಾಡ್ತೀನಿ, ನಾಳೆವರೆಗೆ ಸಮಯ ಕೊಡಿ" ಅಂತ ತಣ್ಣಗೆ ಹೇಳಬಹುದು. ಇಮೇಲ್‌ಗೆ ಈ ಕಿವಿ ಇಲ್ಲ.

ಓದು ಬರಹ ಅಷ್ಟಾಗಿ ಬಾರದ ಮನೆಗೂ ಫೋನೇ ಸರಿ. ಪತ್ರವನ್ನು ಅಪ್ಪ ಅಮ್ಮನಿಗೆ ಓದಿ ಹೇಳುವುದು ಯಾರು? ಅದೇ ಮಗು.

ಮಾತಾದ ಮೇಲೆ ಅದೇ ದಿನ ಮೂರು ಸಾಲು ಬರೆದು ಕಳಿಸಿ. "ಇವತ್ತು ಮಾತಾಡಿದ್ದಕ್ಕೆ ಖುಷಿಯಾಯಿತು. ಸೋಮವಾರದಿಂದ ಅವನು ಬಂದ ತಕ್ಷಣ ನನಗೆ ಮುಖ ತೋರಿಸಿ ಹೋಗುತ್ತಾನೆ ಅಂತ ಮಾತಾಯಿತು. ಶುಕ್ರವಾರ ನಾನೇ ಫೋನ್ ಮಾಡುತ್ತೇನೆ." ಮನೆಯ ಒಳಗುಟ್ಟು, ಕಾಯಿಲೆಯ ಹೆಸರು, ಜಗಳ, ಸಾಲ ಯಾವುದನ್ನೂ ಇದರಲ್ಲಿ ಬರೆಯಬೇಡಿ. ಒಪ್ಪಿಕೊಂಡ ಕೆಲಸ ಮಾತ್ರ ಇರಲಿ.

ಇಲ್ಲೇ ಇನ್ನೊಂದು ಮಾತು. ಮಗುವಿನ ಮೈಮೇಲೆ ಗಾಯ ಕಂಡಿದ್ದರೆ, ಮನೆಗೆ ಹೋಗೋಕೆ ಹೆದರುತ್ತಿದ್ದರೆ, ಕೆಲಸಕ್ಕೆ ಕಳಿಸುತ್ತಿದ್ದಾರೆ ಅನ್ನೋ ಅನುಮಾನ ಇದ್ದರೆ, ಈ ನಾಲ್ಕರಲ್ಲಿ ಯಾವುದೂ ಅಲ್ಲ. ಮನೆಗೆ ಬರೆಯುವ ಮೊದಲು ಶಾಲೆಯಲ್ಲಿ ಮಕ್ಕಳ ರಕ್ಷಣೆ ನೋಡಿಕೊಳ್ಳುವವರ ಹತ್ತಿರ ಹೋಗಿ. ಪತ್ರ ಹೋದರೆ ಮನೆಯವರು ಎಚ್ಚೆತ್ತುಕೊಳ್ಳುತ್ತಾರೆ, ಮಗುವಿನ ಬಾಯಿ ಕಟ್ಟುತ್ತದೆ.

ಯಾವ ದಾರಿ ಹಿಡಿದರೂ ಭಾಷೆ ಒಂದೇ

ಎದುರು ಕೂತು ಮಾತಾಡುವಾಗ ನಾವೆಲ್ಲ ಚೆನ್ನಾಗೇ ಮಾತಾಡುತ್ತೇವೆ. ಬರೆಯೋಕೆ ಕೂತರೆ ಸುತ್ತೋಲೆಯ ಭೂತ ಮೈಮೇಲೆ ಬರುತ್ತದೆ. "ಈ ಕುರಿತು ಸೂಕ್ತ ಕ್ರಮ ವಹಿಸತಕ್ಕದ್ದು", "ತಮ್ಮ ಗಮನಕ್ಕೆ ತರಲಾಗಿದೆ". ಈ ಲಾಗಿದೆ, ತಕ್ಕದ್ದುಗಳಲ್ಲಿ ಬರೆದವರ ಮುಖವೇ ಕಾಣಲ್ಲ. ಮುಖ ಕಾಣದ ಪತ್ರಕ್ಕೆ ಯಾರು ತಾನೇ ಮನಸ್ಸು ಬಿಚ್ಚಿ ಬರೆದಾರು? "ನಾನು ಗಮನಿಸಿದೆ", "ನನಗೆ ಯೋಚನೆಯಾಯಿತು" ಅಂತ ನಿಮ್ಮ ಹೆಸರಿನಲ್ಲೇ ಬರೆಯಿರಿ. ವಿಷಯದ ಸಾಲು ಬೀಗ ಹಾಕಿದ ಫೋನಿನ ಮೇಲೂ ಮೂಡುತ್ತದೆ. ಅಲ್ಲಿ "ಗೈರುಹಾಜರಿ", "ಎಚ್ಚರಿಕೆ" ಬೇಡ. ಪಕ್ಕದಲ್ಲಿ ಕೂತವರು ಓದಬಹುದು.

ಕಳಿಸಿದ ಮೇಲೆ

ಮೂರು ಶಾಲಾ ದಿನ ಕಾಯಿರಿ. ಉತ್ತರ ಬರದಿದ್ದರೆ ಅದೇ ಪತ್ರವನ್ನು ಮತ್ತೆ ಕಳಿಸಬೇಡಿ, ಒಂದು ಮೆಟ್ಟಿಲು ಬದಲಿಸಿ. ಲೆಕ್ಕದ ಪತ್ರಕ್ಕೆ ಉತ್ತರ ಬರದಿದ್ದರೆ ಪ್ರಶ್ನೆಯ ಪತ್ರ, ಅದಕ್ಕೂ ಬರದಿದ್ದರೆ ಫೋನ್. ವಿಳಾಸ ಸರಿ ಇದೆಯಾ ಅಂತಲೂ ನೋಡಿ. ಎಷ್ಟೋ ಸಲ ಪತ್ರ ಹೋಗಿರುವುದು ಯಾರೂ ತೆರೆಯದ ಹಳೆಯ ಪೆಟ್ಟಿಗೆಗೆ.

ಮಂಗಳವಾರದ ಹುಡುಗಿಯ ಅಮ್ಮನಿಂದ ಎರಡನೆಯ ದಿನ ರಾತ್ರಿ ಉತ್ತರ ಬಂತು ಅಂತಿಟ್ಟುಕೊಳ್ಳಿ. "ಸೋಮವಾರ ರಾತ್ರಿಯೇ ಹೊಟ್ಟೆನೋವು ಶುರುವಾಗುತ್ತೆ ಟೀಚರ್. ಮಂಗಳವಾರ ಮಧ್ಯಾಹ್ನಕ್ಕೆ ಸರಿಹೋಗುತ್ತೆ. ಸುಳ್ಳು ಹೇಳ್ತಿದ್ದಾಳೆ ಅಂತ ಅವರಪ್ಪ ಬೈತಾರೆ." ಈಗ ವೇಳಾಪಟ್ಟಿ ತೆಗೆಯಿರಿ. ಮಂಗಳವಾರ ಮೊದಲ ಅವಧಿ ಭಾಷಾ ಪಾಠ, ಒಬ್ಬೊಬ್ಬರೇ ಎದ್ದುನಿಂತು ಗಟ್ಟಿಯಾಗಿ ಓದಬೇಕು. ಅಲ್ಲಿಗೆ ದಾರಿ ಕಂಡಿತು. ಮರುಉತ್ತರ ಮರುದಿನವೇ ಹೋಗಲಿ, ಚಿಕ್ಕದಾಗಿರಲಿ:

> ಬರೆದಿದ್ದು ತುಂಬ ಅನುಕೂಲವಾಯಿತು. ಭಯ ಇದ್ದಾಗ ಮಕ್ಕಳಿಗೆ ಹೊಟ್ಟೆನೋವು ನಿಜವಾಗಿಯೂ ಬರುತ್ತದೆ, ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ನನಗೆ ಅನಿಸುವುದಿಲ್ಲ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ಮುಂದಿನ ನಾಲ್ಕು ವಾರ ಅವಳನ್ನು ಎದ್ದುನಿಂತು ಓದಿಸುವುದು ಬೇಡ ಅಂತ ಭಾಷಾ ಶಿಕ್ಷಕರ ಜೊತೆ ಮಾತಾಡುತ್ತೇನೆ, ಕೂತಲ್ಲೇ ಗೆಳತಿಯ ಜೊತೆ ಓದಲಿ. ಸೋಮವಾರ ಸಂಜೆ ಅವಳಿಗೆ ಇಷ್ಟು ಹೇಳಿಬಿಡಿ. ಮಂಗಳವಾರ ಅವಳು ಬಂದ ಮೇಲೆ ನಿಮಗೆ ತಿಳಿಸುತ್ತೇನೆ.

ಮಂಗಳವಾರ ಮೊದಲ ಅವಧಿ ಮುಗಿದ ಕೂಡಲೇ ಎರಡು ಪದ ಕಳಿಸಿ: "ಬಂದಿದ್ದಾಳೆ. ಓದಿದಳು." ಬಾರದಿದ್ದರೆ ಅವತ್ತೇ ಫೋನ್ ಮಾಡಿ.